“ಕ್ಲೋಸ್ ಆಗಿದೆ ಅಂದ್ರೆ ಸರಿಯಾಗಿದೆ ಅಂತ ತಾನೇ?”

ಸೋಮವಾರ ಮಧ್ಯಾಹ್ನ ನಮ್ಮ ಸಪೋರ್ಟ್ ಟೀಮಿನ ಸಹೋದ್ಯೋಗಿಯೊಬ್ಬರು ಹೆಡ್‌ಸೆಟ್ಟನ್ನೂ ಪೂರ್ತಿ ತೆಗೆಯದೆ ನನ್ನ ಡೆಸ್ಕಿಗೆ ಬಂದರು. “ಸರ್, ಬಗ್ ಕ್ಲೋಸ್ ಆಗಿದೆ ಅಂದ್ರೆ ಸರಿಯಾಗಿದೆ ಅಂತ ತಾನೇ?”

ಹೌದು ಅನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ.

ನಮ್ಮದು ಅಂಗಡಿಗಳ ಬಿಲ್ಲಿಂಗ್ ಆ್ಯಪ್. ನೆಟ್ ನಿಧಾನವಾದಾಗ ಒಂದೇ ಬಿಲ್ ಎರಡು ಸಲ ಸೇವ್ ಆಗುತ್ತಿತ್ತು. ಮೊದಲ ಸಲವೇ ಸರ್ವರ್ ಬಿಲ್ ಬರೆದುಕೊಂಡಿರುತ್ತದೆ. ಆದರೆ ಉತ್ತರ ಬರುವುದು ತಡವಾಗುತ್ತದೆ. ಹೋಗಲೇ ಇಲ್ಲವೇನೋ ಎಂದುಕೊಂಡು ಆ್ಯಪ್ ಮತ್ತೆ ಕಳಿಸುತ್ತದೆ. ಸ್ಟಾಕ್‌ನಲ್ಲೂ ಎರಡು ಸಲ ಕಳೆಯುತ್ತದೆ. ಈ ಬಗ್‌ಗೆ ಅಂಗಡಿಯವರ ದೂರಿನ 14 ಟಿಕೆಟ್‌ಗಳು ಲಿಂಕ್ ಆಗಿದ್ದವು. ಬಗ್ ಕ್ಲೋಸ್ ಆದ ಕೂಡಲೇ ಆ ಹದಿನಾಲ್ಕರಲ್ಲೂ “ಎಂಜಿನಿಯರಿಂಗ್ ಕಡೆಯಿಂದ ಮುಗಿದಿದೆ” ಎಂಬ ಒಳಟಿಪ್ಪಣಿ ತಾನಾಗಿ ಬಿತ್ತು. ಅದನ್ನು ನೋಡಿ ಸಪೋರ್ಟ್‌ನವರು ಹದಿನಾಲ್ಕು ಅಂಗಡಿಗಳಿಗೂ ಸರಿಯಾಯಿತು ಎಂದು ಹೇಳಿದರು. ಅವರ ತಪ್ಪೇನೂ ಇಲ್ಲ.

ಬಗ್ ತೆರೆದು ನೋಡಿದೆ. ಸ್ಟೇಟಸ್ `Closed`. ಅದರ ಪಕ್ಕದಲ್ಲೇ ರೆಸಲ್ಯೂಷನ್ `Duplicate`. ಇದೇ ದೂರು ಹಳೆಯ ಇನ್ನೊಂದು ಬಗ್‌ನಲ್ಲಿದೆ, ಅಲ್ಲಿ ನೋಡಿಕೊಳ್ಳೋಣ ಎಂದಷ್ಟೇ ಅದರ ಅರ್ಥ. ಆ ಹಳೆಯ ಬಗ್‌ನ ಕೋಡನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ಲಿಂಕ್ ಆಗಿದ್ದ ಟಿಕೆಟ್ ಮೂರೇ ಮೂರು. ಮೂರು ತಾನೇ ಎಂದು ವಾರದ ಮೀಟಿಂಗಿನಲ್ಲಿ ಅದನ್ನು ಪ್ರತಿಸಲ ಕೆಳಗೆ ತಳ್ಳುತ್ತಿದ್ದೆವು. ಮುಚ್ಚಿದ ಬಗ್‌ನಿಂದ ಟಿಕೆಟ್‌ಗಳು ತಾವಾಗಿ ಹಳೆಯದಕ್ಕೆ ಹೋಗುವುದಿಲ್ಲ. ಯಾರಾದರೂ ಕೈಯಾರೆ ಸಾಗಿಸಬೇಕು. ಸಾಗಿಸಿದ್ದರೆ ಹಳೆಯದರ ಮುಂದೆ 17 ಎಂದು ಕಾಣುತ್ತಿತ್ತು.

ಬಗ್ ಮುಚ್ಚಿದ ಹುಡುಗ ಒಳ್ಳೆಯ ಕೆಲಸಗಾರ. ಪಟ್ಟಿ ಚೊಕ್ಕಟವಾಗಿರಬೇಕು ಅವನಿಗೆ. ಆದರೆ ಗ್ರಾಹಕರ ಒಂದು ಕರೆಯನ್ನೂ ಅವನು ಕೇಳಿಸಿಕೊಂಡಿಲ್ಲ. ಎಂಜಿನಿಯರುಗಳಲ್ಲಿ ಹೆಚ್ಚಿನವರ ಕಥೆ ಇದೇ, ಅದು ನನಗೆ ಸರಿ ಕಾಣುವುದಿಲ್ಲ.

ಸೋಮವಾರ ಕರೆ ಮಾಡಿದ್ದವರು ದಾವಣಗೆರೆಯ ಒಬ್ಬ ಕಿರಾಣಿ ಅಂಗಡಿಯವರು. ಅವರು ಹೇಳಿದ ಮಾತನ್ನು ಸಹೋದ್ಯೋಗಿ ನನಗೆ ಹಾಗೇ ಒಪ್ಪಿಸಿದರು: “ಮೊದಲು ದಿನಾ ರಾತ್ರಿ ಬಿಲ್ ನೋಡಿ ಎರಡೆರಡು ಬಂದಿದ್ದನ್ನ ತೆಗೀತಿದ್ದೆ. ನೀವು ಸರಿಯಾಯ್ತು ಅಂದ ಮೇಲೆ ನೋಡೋದನ್ನೇ ಬಿಟ್ಟೆ.”

ವಾರವಿಡೀ ಈ ಮಾತು ನನ್ನನ್ನು ಬಿಟ್ಟಿಲ್ಲ. ನಾವು ಏನೂ ಹೇಳದೆ ಸುಮ್ಮನಿದ್ದಿದ್ದರೂ ಅವರು ಲೆಕ್ಕ ಉಳಿಸಿಕೊಳ್ಳುತ್ತಿದ್ದರು. ನಾವು ಹೇಳಿದ್ದರಿಂದಲೇ ಸ್ಟಾಕ್ ತಪ್ಪಿತು. ಸುಳ್ಳು ಸುದ್ದಿ ಅವರ ಕೈಯಲ್ಲಿದ್ದ ಉಪಾಯವನ್ನೂ ಕಿತ್ತುಕೊಂಡಿತು.

ಕಳೆದ 90 ದಿನಗಳಲ್ಲಿ ಹೀಗೆ `Duplicate` ಎಂದು ಮುಚ್ಚಿದ ಬಗ್‌ಗಳು ಎಷ್ಟಿವೆ ಎಂದು ಆ ರಾತ್ರಿಯೇ ಹುಡುಕಿದೆ:

```
issuetype = Bug AND resolution = Duplicate AND resolved >= -90d
```

31 ಸಿಕ್ಕವು. ಒಂದೊಂದನ್ನೇ ತೆರೆದು ನೋಡಿದರೆ ಆರಕ್ಕೆ ಟಿಕೆಟ್‌ಗಳು ಅಂಟಿಕೊಂಡೇ ಇದ್ದವು. ಅವುಗಳನ್ನೆಲ್ಲ ಮೂಲ ಬಗ್‌ಗೆ ಸಾಗಿಸಿದೆ. ಟಿಕೆಟ್ ಲಿಂಕ್ ಉಳಿದಿದ್ದರೆ `Duplicate` ಎಂದು ಮುಚ್ಚುವ ಹಾಗಿಲ್ಲ ಎಂದು ಟೀಮಿನಲ್ಲಿ ಮಾತಾಯಿತು.

ತಾನಾಗಿ ಬೀಳುವ ಆ ಒಳಟಿಪ್ಪಣಿಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. ರೆಸಲ್ಯೂಷನ್ `Done` ಆದರೆ ಮಾತ್ರ ಹೋಗಲಿ ಎಂದು ನಾನು ಹೇಳಿದೆ. ಸಪೋರ್ಟ್‌ನ ಆ ಸಹೋದ್ಯೋಗಿ ಒಪ್ಪಲಿಲ್ಲ. “ನಿಮ್ಮ `Done` ಅಂದ್ರೆ ಕೋಡ್ ಸೇರಿತು ಅಂತ. ಅಂಗಡಿಯವರ ಫೋನಿಗೆ ಬರೋದು ಯಾವಾಗ?” ನಿಜ ಅಲ್ವಾ. ಹೊಸ ವರ್ಷನ್ ಅನ್ನು ನಾವು ಪ್ಲೇ ಸ್ಟೋರ್‌ನಲ್ಲಿ ಒಮ್ಮೆಲೇ ಎಲ್ಲರಿಗೂ ಬಿಡುವುದಿಲ್ಲ. ಮೊದಲು ನೂರರಲ್ಲಿ ಐದು ಜನಕ್ಕೆ, ಆಮೇಲೆ ಇಪ್ಪತ್ತಕ್ಕೆ, ಹೀಗೆ. ಬಿಟ್ಟ ಮೇಲೂ ಅಪ್‌ಡೇಟ್ ಮಾಡಿಕೊಳ್ಳದವರು ಇದ್ದೇ ಇರುತ್ತಾರೆ. ಹಾಗಾಗಿ ಈಗ ಟಿಪ್ಪಣಿ ಮೂರು ಸಲ ಹೋಗುತ್ತದೆ: ಕಾರಣ ಸಿಕ್ಕಾಗ, ತಿದ್ದಿದಾಗ, ಎಲ್ಲರಿಗೂ ಬಿಟ್ಟಾಗ. ಕೊನೆಯದರಲ್ಲಿ ವರ್ಷನ್ ನಂಬರ್ ಇರಲೇಬೇಕು. ಗ್ರಾಹಕರ ಫೋನಿನಲ್ಲಿ ಅದೇ ನಂಬರ್ ಇದೆಯಾ ಎಂದು ಕೇಳಿ ನೋಡಿದ ಮೇಲೆಯೇ ಟಿಕೆಟ್ ಮುಚ್ಚುವುದು. ಮೊದಲೆರಡರಲ್ಲಿ ಅಲ್ಲಿಯವರೆಗೆ ಗ್ರಾಹಕರು ಏನು ಮಾಡಬೇಕು ಎಂಬುದನ್ನು ಬಗ್ ಹಿಡಿದ ಎಂಜಿನಿಯರೇ ಬರೆಯಬೇಕು.

ಗುರುವಾರ ಕೋಡ್ ಸೇರಿತು. ಇನ್ನು ಮುಂದೆ ಪ್ರತಿ ಬಿಲ್‌ಗೂ ಫೋನಿನಲ್ಲೇ ಒಂದು ಗುರುತು ಹುಟ್ಟುತ್ತದೆ. ಅದೇ ಗುರುತಿನ ಬಿಲ್ ಎರಡನೇ ಸಲ ಬಂದರೆ ಸರ್ವರ್ ಬರೆದುಕೊಳ್ಳುವುದಿಲ್ಲ. ಬಗ್ ಮುಚ್ಚಿದ್ದ ಆ ಹುಡುಗನೇ ಟಿಪ್ಪಣಿ ಬರೆದ: “ತಿದ್ದಿದ್ದೇವೆ, ನಿಮ್ಮ ಫೋನಿಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ದಿನದ ಬಿಲ್‌ಗಳಲ್ಲಿ ಒಂದೇ ಮೊತ್ತ, ಒಂದೇ ನಿಮಿಷದ್ದು ಎರಡಿದ್ದರೆ ಗ್ರಾಹಕರ ಹೆಸರನ್ನೂ ನೋಡಿ ಒಂದನ್ನು ರದ್ದು ಮಾಡಿ.”

ದಾವಣಗೆರೆಗೆ ಕರೆ ಮಾಡಿದಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಹೋದ ಸಲ ತಪ್ಪು ಹೇಳಿದ್ದೆವು ಎಂದು ಆ ಸಹೋದ್ಯೋಗಿ ಮೊದಲೇ ಒಪ್ಪಿಕೊಂಡರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆಯ್ತಮ್ಮ, ಬರೋವರೆಗೆ ರಾತ್ರಿ ನಾನೇ ನೋಡ್ಕೊಳ್ತೀನಿ. ಬಂದಾಗ ಮಾತ್ರ ಹೇಳಿ.”