ಲೆಟರ್‌ಹೆಡ್ ಮೇಲೆ ದೊಡ್ಡ ಹೆಸರು, ಷೇರು ಯಾರ ಕೈಯಲ್ಲಿ?

"ಸಾಹೇಬ್ರ, ಈ ಕಂಪನಿ ಆ ದೊಡ್ಡ ಗ್ರೂಪಿಂದೇ ಅಂತಾರ. ಖರೇನೇನ್ರಿ? ಹೆಂಗ ತಿಳ್ಕೋಬೇಕು?"

ಹೆಸರು, ಬಣ್ಣ, ಲೋಗೋ ಎಲ್ಲ ಬದಿಗಿಡಿ. ಆ ಕಂಪನಿಯ ಸಭೆಯಲ್ಲಿ ಮತ ಹಾಕುವ ಹಕ್ಕು ಯಾರಿಗೆ ಎಷ್ಟಿದೆ ಅಂತ ಮಾತ್ರ ನೋಡಿ. ನಮ್ಮ ಕಂಪನಿ ಕಾಯ್ದೆಯ ಲೆಕ್ಕದಲ್ಲಿ ಒಟ್ಟು ಮತದ ಅರ್ಧಕ್ಕಿಂತ ಜಾಸ್ತಿ ಗ್ರೂಪಿನ ಕೈಯಲ್ಲಿದ್ದರೆ ಅದು ಸಬ್ಸಿಡಿಯರಿ, ಅಂದರೆ ಗ್ರೂಪಿನ ಹಿಡಿತದಲ್ಲಿರುವ ಕಂಪನಿ. ಅಷ್ಟು ಮತ ಇಲ್ಲದಿದ್ದರೂ ಬೋರ್ಡಿನಲ್ಲಿ, ಅಂದರೆ ಡೈರೆಕ್ಟರುಗಳ ಮಂಡಳಿಯಲ್ಲಿ, ಯಾರು ಕೂರಬೇಕು ಅಂತ ಗ್ರೂಪೇ ತೀರ್ಮಾನಿಸುವ ಹಾಗಿದ್ದರೆ ಅದೂ ಸಬ್ಸಿಡಿಯರಿಯೇ. ಶೇ. 20ಕ್ಕೆ ಕಡಿಮೆ ಇಲ್ಲದೆ, ಅರ್ಧ ದಾಟದೆ ಇದ್ದರೆ ಸಾಮಾನ್ಯವಾಗಿ ಅಸೋಸಿಯೇಟ್, ಅಂದರೆ ಗ್ರೂಪಿನ ಮಾತಿಗೆ ತೂಕ ಇದೆ, ಹಿಡಿತ ಇಲ್ಲ. ಜಾಯಿಂಟ್ ವೆಂಚರ್‌ನ ವಿಷಯ ಸ್ವಲ್ಪ ಬೇರೆ. ಅಲ್ಲಿ ಶೇಕಡಾ ನೋಡಿದರೆ ಸಾಲದು, ಒಪ್ಪಂದ ನೋಡಬೇಕು. ಮುಖ್ಯ ತೀರ್ಮಾನಗಳಿಗೆ ಇಬ್ಬರೂ ಹೂಂ ಅನ್ನಲೇಬೇಕು, ಒಬ್ಬರೇ ಮುಂದೆ ಹೋಗುವಂತಿಲ್ಲ ಅಂತಿದ್ದರೆ ಮಾತ್ರ ಅದು ನಿಜವಾದ ಜಾಯಿಂಟ್ ವೆಂಚರ್.

ಜನ ಎಡವುವುದು ಇಲ್ಲೇ. ಇಬ್ಬರು ಸೇರಿ ಶುರು ಮಾಡಿದ ಯಾವ ಕಂಪನಿಯನ್ನಾದರೂ ಪೇಪರಿನವರು ಜಾಯಿಂಟ್ ವೆಂಚರ್ ಅಂತ ಬರೆದುಬಿಡುತ್ತಾರೆ. ನಮ್ಮ ಚಿಂಚೋಳಿ ತಾಲ್ಲೂಕಿನ ಸಿಮೆಂಟ್ ಫ್ಯಾಕ್ಟರಿಯನ್ನೇ ನೋಡಿ. ಫ್ರಾನ್ಸಿನ ವಿಕಾಟ್ ಮತ್ತು ಹೈದರಾಬಾದಿನ ಸಾಗರ್ ಸಿಮೆಂಟ್ಸ್ 2008ರಲ್ಲಿ ಕೈಜೋಡಿಸಿದವು. ಕಂಪನಿಯ ಹೆಸರು ವಿಕಾಟ್ ಸಾಗರ್ ಸಿಮೆಂಟ್. ಎರಡೂ ಕಡೆಯ ಹೆಸರು ನಾಮಫಲಕದ ಮೇಲಿತ್ತು, ಎಲ್ಲರ ಬಾಯಲ್ಲೂ ಜಾಯಿಂಟ್ ವೆಂಚರ್. ಆದರೆ ವಿಕಾಟ್ ಪಾಲು ಶೇ. 53, ಸಾಗರ್ ಪಾಲು ಶೇ. 47. ಅರ್ಧ ದಾಟಿದ್ದರಿಂದ ವಿಕಾಟ್‌ಗೆ ಅದು ಸಬ್ಸಿಡಿಯರಿ. ಸಾಗರ್ ಕಡೆಯಿಂದ ನೋಡಿದರೆ ಸಬ್ಸಿಡಿಯರಿ ಆಗುವ ಹಾಗೇ ಇರಲಿಲ್ಲ. ಫ್ಯಾಕ್ಟರಿ ಒಂದೇ, ಕಂಪನಿ ಒಂದೇ, ಆದರೆ ಯಾರ ಕಡೆಯಿಂದ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 2014ರಲ್ಲಿ ಸಾಗರ್ ತನ್ನ ಪೂರ್ತಿ ಪಾಲನ್ನು ವಿಕಾಟ್‌ಗೆ ಮಾರಿತು. ಆಮೇಲೆ ಕಂಪನಿಯ ಹೆಸರೇ ಕಲಬುರ್ಗಿ ಸಿಮೆಂಟ್ ಅಂತಾಯಿತು. ಈಗ ಹೆಸರಿನಲ್ಲಿ ನಮ್ಮ ಊರಿದೆ, ಫ್ರಾನ್ಸಿನ ಸುಳಿವೇ ಇಲ್ಲ!

ಶೇ. 53 ಇದ್ದೂ ಜಾಯಿಂಟ್ ವೆಂಚರ್ ಆಗಬಹುದಾ? ಆಗಬಹುದು. ಪಾಲುದಾರರ ಒಪ್ಪಂದದಲ್ಲಿ "ಇಬ್ಬರೂ ಒಪ್ಪಬೇಕು" ಅಂತ ಯಾವ ವಿಷಯಗಳಿಗೆ ಬರೆದಿದ್ದಾರೆ ಅನ್ನುವುದು ಮುಖ್ಯ. ವರ್ಷದ ಬಜೆಟ್ಟು, ಎಂಡಿ ನೇಮಕ, ವ್ಯಾಪಾರದ ಯೋಜನೆ ಇಂಥವಕ್ಕೆ ಇಬ್ಬರ ಒಪ್ಪಿಗೆಯೂ ಬೇಕು ಅಂತಿದ್ದರೆ ಹಿಡಿತ ಇಬ್ಬರದು. ಅದೇ, ಕಂಪನಿಯನ್ನೇ ಮಾರುವಾಗ, ಹೊಸ ಷೇರು ಹಂಚುವಾಗ ಮಾತ್ರ ಕೇಳಬೇಕು ಅಂತಿದ್ದರೆ ಅದು ಸಣ್ಣ ಪಾಲುದಾರನಿಗೆ ಕೊಟ್ಟ ಕಾವಲು ಅಷ್ಟೇ. ದಿನದ ಹಿಡಿತ ಜಾಸ್ತಿ ಪಾಲಿನವರದ್ದೇ.

ಇನ್ನೊಂದು ತಪ್ಪು ಗುಣಾಕಾರದ್ದು. 2022ರ ಸೆಪ್ಟೆಂಬರ್‌ನಲ್ಲಿ ಅದಾನಿ ಗ್ರೂಪ್ ಅಂಬುಜಾ ಸಿಮೆಂಟ್ಸ್‌ನ ಶೇ. 63.11 ಪಾಲು ಕೊಂಡಿತು. ಅಂಬುಜಾ ಕೈಯಲ್ಲಿ ಆಗ ಎಸಿಸಿ ಅನ್ನುವ ಇನ್ನೊಂದು ಸಿಮೆಂಟ್ ಕಂಪನಿಯ ಶೇ. 50.05 ಇತ್ತು. ವಾಡಿಯ ಒಬ್ಬ ಹುಡುಗ ನನ್ನ ಎದುರೇ ಮೊಬೈಲಿನಲ್ಲಿ ಎರಡನ್ನೂ ಗುಣಿಸಿದ. "ಈ ದಾರೀಲೆ ಬರೋದು ಸುಮಾರು 31.6 ಅಷ್ಟೇ, ಅಂದ್ರ ಎಸಿಸಿ ಬರೇ ಅಸೋಸಿಯೇಟ್ ಅಲ್ಲೇನ್ರಿ?" ಅಂದ. ಲಾಭದಲ್ಲಿ ಎಷ್ಟು ಪಾಲು ಅನ್ನುವುದಕ್ಕೆ ಆ ಗುಣಾಕಾರ ಸರಿ. ಹಿಡಿತಕ್ಕೆ ಹಾಗೆ ಗುಣಿಸಬಾರದು. ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಮೊದಲ ಮೆಟ್ಟಿಲಲ್ಲೂ ಅರ್ಧ ದಾಟಿದೆ, ಎರಡನೆಯದರಲ್ಲೂ ಕೂದಲೆಳೆಯಷ್ಟು ದಾಟಿದೆ. ಸಬ್ಸಿಡಿಯರಿಯ ಸಬ್ಸಿಡಿಯರಿಯೂ ಸಬ್ಸಿಡಿಯರಿಯೇ. ನಡುವೆ ಯಾವುದಾದರೂ ಮೆಟ್ಟಿಲಲ್ಲಿ ಶೇ. 40 ಮಾತ್ರ ಇದ್ದು, ಬೋರ್ಡಿನ ಮೇಲೂ ಹಿಡಿತ ಇಲ್ಲದಿದ್ದರೆ ಸರಪಳಿ ಅಲ್ಲಿಗೆ ಕಡಿಯುತ್ತದೆ.

ಈಗ ಹುಡುಕುವ ಬಗೆ. ಸೇಡಂ ಕಡೆಯ ಲಾರಿ ಮಾಲೀಕರೊಬ್ಬರು ಹೋದ ವರ್ಷ ಒಂದು ಕರಾರು ಪತ್ರ ಹಿಡಿದು ಬಂದರು. ನಾಲ್ಕು ಲಾರಿ, 60 ದಿನದ ಉದ್ದರಿ, ಡೀಸೆಲ್ ಇವರ ಕೈಯಿಂದ. ಕಂಪನಿ ಹೊಸದು. ಆದರೆ ಲೆಟರ್‌ಹೆಡ್ ಮೇಲೆ ಒಂದು ದೊಡ್ಡ ಗ್ರೂಪಿನ ಲೋಗೋ ಇತ್ತು. ಅವರ ಧೈರ್ಯವೆಲ್ಲ ಆ ಲೋಗೋ ಮೇಲೇ.

ನಾನು ನೋಡಿದ್ದು ಆ ಹಾಳೆಯ ಕೊನೆಯ ಸಾಲು. ಸಣ್ಣ ಅಕ್ಷರದಲ್ಲಿ 21 ಅಕ್ಷರ-ಅಂಕಿಗಳ CIN, ಅಂದರೆ ಕಂಪನಿಯ ಗುರುತಿನ ನಂಬರ್ ಇತ್ತು. ಅದನ್ನು ಲೆಟರ್‌ಹೆಡ್ ಮೇಲೆ ಹಾಕಲೇಬೇಕು ಅಂತ ಕಾಯ್ದೆ ಇದೆ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ, 100 ರೂಪಾಯಿ ಕಟ್ಟಿ ಕಂಪನಿಯ ಕಾಗದಗಳನ್ನು ತೆರೆದೆವು. ಬೇಕಿದ್ದದ್ದು MGT-7, ಅಂದರೆ ವಾರ್ಷಿಕ ರಿಟರ್ನ್. ಅದರಲ್ಲಿ ಹೋಲ್ಡಿಂಗ್ ಅಂದರೆ ಮೇಲಿಂದ ಹಿಡಿತ ಇಟ್ಟ ಕಂಪನಿ, ಸಬ್ಸಿಡಿಯರಿ, ಅಸೋಸಿಯೇಟ್ ಇವುಗಳಿಗೆ ಅಂತಲೇ ಒಂದು ಕೋಷ್ಟಕ ಇರುತ್ತದೆ. ಗ್ರೂಪಿನ ಕಂಪನಿಯ ಹೆಸರಿನ ಮುಂದೆ ಶೇ. 26 ಅಂತಿತ್ತು. ಷೇರುದಾರರ ಪಟ್ಟಿಯಲ್ಲಿ ಉಳಿದ ಶೇ. 74 ಇಬ್ಬರು ಅಣ್ಣತಮ್ಮಂದಿರ ಹೆಸರಲ್ಲಿತ್ತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೋರ್ಡಿನ ಹಿಡಿತ ಬೇರೆ ಯಾರ ಕೈಯಲ್ಲಾದರೂ ಇರಬಹುದಲ್ವಾ? ಕಂಪನಿಯ ನಿಯಮಾವಳಿ ತೆಗೆದು ಓದಿದೆವು. ನಾಲ್ಕು ಡೈರೆಕ್ಟರುಗಳಲ್ಲಿ ಒಬ್ಬರನ್ನು ಮಾತ್ರ ಗ್ರೂಪ್ ನೇಮಿಸಬಹುದು ಅಂತಿತ್ತು. ಆಮೇಲೆ ಗ್ರೂಪಿನ ಕಡೆಯಿಂದಲೂ ತಾಳೆ ನೋಡಿದೆವು. ಅದು ಷೇರುಪೇಟೆಯಲ್ಲಿರುವ ಕಂಪನಿ, ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಅದರ ಕೊನೆಯ ಕಡೆ AOC-1 ಅನ್ನುವ ಪಟ್ಟಿ ಇರುತ್ತದೆ. ಭಾಗ ಎ ಸಬ್ಸಿಡಿಯರಿಗಳದು, ಭಾಗ ಬಿ ಅಸೋಸಿಯೇಟ್ ಮತ್ತು ಜಾಯಿಂಟ್ ವೆಂಚರ್‌ಗಳದು. ನಾವು ಹುಡುಕುತ್ತಿದ್ದ ಕಂಪನಿ ಭಾಗ ಬಿಯಲ್ಲಿತ್ತು, ಅಸೋಸಿಯೇಟ್ ಅಂತ. ಎರಡೂ ಕಡೆಯ ಕಾಗದ ಒಂದೇ ಮಾತು ಹೇಳಿದರೆ ನಾನು ನಂಬುತ್ತೇನೆ. ಬರೇ ಒಂದು ಕಡೆಯದನ್ನು ನಂಬುವುದಿಲ್ಲ.

ಹುಡುಕುವಾಗ MGT-7 ಬದಲು MGT-7A ಸಿಕ್ಕರೆ ಎಚ್ಚರ. ಅದು ಸಣ್ಣ ಕಂಪನಿಗಳಿಗೆ ಮತ್ತು ಒಬ್ಬರದೇ ಕಂಪನಿಗಳಿಗೆ ಇರುವ ಫಾರ್ಮ್. ಸಬ್ಸಿಡಿಯರಿ ಆದ ಕಂಪನಿ ಎಷ್ಟೇ ಚಿಕ್ಕದಿದ್ದರೂ ಕಾಯ್ದೆಯಲ್ಲಿ ಸಣ್ಣ ಕಂಪನಿ ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ "ನಾವು ಅವರ ಸಬ್ಸಿಡಿಯರಿ" ಅನ್ನುವವರು MGT-7A ಕೊಟ್ಟಿದ್ದರೆ, ಮಾತು ತಪ್ಪಿರಬೇಕು ಇಲ್ಲ ಫಾರ್ಮ್ ತಪ್ಪಿರಬೇಕು.

ಒಂದೇ ಮನೆತನದವರ ಎರಡು ಕಂಪನಿಗಳಿಗೆ ತಮ್ಮ ನಡುವೆ ಒಂದು ಷೇರೂ ಇಲ್ಲದಿರಬಹುದು. ಆಗ ಒಂದು ಇನ್ನೊಂದಕ್ಕೆ ಸಬ್ಸಿಡಿಯರಿಯೂ ಅಲ್ಲ, ಅಸೋಸಿಯೇಟೂ ಅಲ್ಲ. ಗ್ರೂಪ್ ಅನ್ನುವುದು ಅಲ್ಲಿ ಬರೇ ಮನೆತನದ ಮಾತು.

ಕಾಗದಕ್ಕೂ ಒಂದು ಮಿತಿ ಇದೆ. ವಾರ್ಷಿಕ ರಿಟರ್ನ್ ಹೇಳುವುದು ಮಾರ್ಚ್ 31ರ ಸ್ಥಿತಿ. ಅದನ್ನು ವಾರ್ಷಿಕ ಸಭೆ ಆದ 60 ದಿನದೊಳಗೆ ಸಲ್ಲಿಸುತ್ತಾರೆ. ನೀವು ತೆರೆಯುವ ಹೊತ್ತಿಗೆ ಅದು ವರ್ಷ ಹಳೆಯದಿರಬಹುದು. ಹೊಸ ಷೇರು ಹಂಚಿದ್ದರೆ PAS-3 ಅನ್ನುವ ಫಾರ್ಮ್‌ನಲ್ಲಿ ಗೊತ್ತಾಗುತ್ತದೆ. ಆದರೆ ಪ್ರೈವೇಟ್ ಕಂಪನಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಷೇರು ಮಾರಿದರೆ ಮುಂದಿನ ರಿಟರ್ನ್ ಬರುವ ತನಕ ಅಲ್ಲಿ ಕಾಣಿಸುವುದಿಲ್ಲ. ಅದಕ್ಕೇ ಇವತ್ತಿನ ಷೇರುದಾರರ ಪಟ್ಟಿಯನ್ನು ಸಹಿ ಹಾಕಿಸಿ ಕಂಪನಿಯಿಂದಲೇ ತರಿಸಿಕೊಳ್ಳಿ ಅಂದೆ.

ಲಾರಿ ಮಾಲೀಕರು ಕೊನೆಗೆ ಕೇಳಿದ್ದು ಒಂದೇ. "ಸಬ್ಸಿಡಿಯರಿ ಆಗಿದ್ರ ನನ್ನ ಬಿಲ್ ದೊಡ್ಡವರು ಕೊಡ್ತಿದ್ರೇನು?" ಇಲ್ಲ, ಆಗಲೂ ಸಾಲ ಆ ಕಂಪನಿಯದ್ದೇ. ದೊಡ್ಡ ಕಂಪನಿ ಬರೆದುಕೊಟ್ಟ ಗ್ಯಾರಂಟಿ ಪತ್ರ ಇದ್ದರೆ ಮಾತ್ರ ಅವರ ಬಾಗಿಲು ತಟ್ಟಬಹುದು. ಲಾರಿ ಮಾಲೀಕರು ಗ್ಯಾರಂಟಿ ಕೇಳಿದರು, ಸಿಗಲಿಲ್ಲ. ಉದ್ದರಿಯನ್ನು 60 ದಿನದಿಂದ 15ಕ್ಕೆ ಇಳಿಸಿ, ಎರಡು ಲಾರಿ ಮಾತ್ರ ಕಳಿಸಿದರು.