ರೇಡಿಯೇಷನ್ನಿಗೆ ಆಮ್ಲಜನಕದ ನೆರವು

"ಸಾರ್, ಅಮ್ಮನಿಗೆ ಕೊಡೋದು ಕರೆಂಟ್ ತಾನೇ? ಅದಕ್ಕೆ ಎಚ್‌ಬಿ ಯಾಕೆ ನೋಡ್ತಾರೆ? ಕಡಿಮೆ ಇದೆ, ರಕ್ತ ಹಾಕಿಸ್ಕೊಂಡು ಬನ್ನಿ ಅಂತ ಯಾಕೆ ಕಳಿಸ್ತಾರೆ?"

ನಾನು ರೇಡಿಯೋಥೆರಪಿ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಎಷ್ಟು ಡೋಸ್, ಯಾವ ಕೋನದಿಂದ ಅನ್ನುವ ಲೆಕ್ಕ ನನ್ನ ಕೆಲಸ. ರಕ್ತ ಹಾಕುವ ತೀರ್ಮಾನ ಡಾಕ್ಟರದ್ದು. ಆದರೂ ಹೊರಗಿನ ಬೆಂಚಿನಲ್ಲಿ ಕಾಯುವ ಮಕ್ಕಳು, ಸೊಸೆಯಂದಿರು ನನ್ನನ್ನೇ ತಡೆದು ಕೇಳುತ್ತಾರೆ. ಅಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲರೂ ಕರೆಂಟ್ ಅಂತಾರೆ, ಆದರೆ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಯಂತ್ರದಿಂದ ಬರುವುದು ಎಕ್ಸ್-ಕಿರಣ. ಎದೆಯ ಎಕ್ಸ್-ರೇ ತೆಗೆಯುವ ಕಿರಣದ್ದೇ ಜಾತಿ, ಶಕ್ತಿ ಮಾತ್ರ ತುಂಬಾ ಜಾಸ್ತಿ. ಈ ಕಿರಣ ಮೈಯೊಳಗೆ ಹೋಗಿ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಓಡಿಸುತ್ತದೆ. ನಿಜವಾದ ಪೆಟ್ಟು ಕೊಡುವುದು ಆ ಎಲೆಕ್ಟ್ರಾನ್‌ಗಳು. ಅವು ಓಡುವ ದಾರಿಯಲ್ಲಿ ಡಿಎನ್‌ಎ ಎಳೆಯೇ ಸಿಕ್ಕಿ, ಅದಕ್ಕೇ ಪೆಟ್ಟು ಬಿದ್ದರೆ ಅದು ನೇರ ಹಾನಿ.

ಆದರೆ ಜೀವಕೋಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ನೀರು. ಸುಮಾರು ನೂರಕ್ಕೆ 70 ಭಾಗ ನೀರೇ. ಹಾಗಾಗಿ ಹೆಚ್ಚಿನ ಪೆಟ್ಟು ನೀರಿಗೆ ಬೀಳುತ್ತದೆ. ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನುವ ಚೂರು ಹುಟ್ಟುತ್ತದೆ. ಅದರಲ್ಲಿ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಆ ಕೊರತೆ ತುಂಬಿಕೊಳ್ಳಲು ಅದು ಪಕ್ಕದಲ್ಲಿ ಸಿಕ್ಕ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಅದರ ಆಯಸ್ಸು ಕೆಲವೇ ನ್ಯಾನೋಸೆಕೆಂಡ್. ಅಷ್ಟರಲ್ಲಿ ಅದು ಕೆಲವು ನ್ಯಾನೋಮೀಟರ್ ದೂರ ಮಾತ್ರ ಹೋಗಬಲ್ಲದು. ಡಿಎನ್‌ಎಯ ದಪ್ಪವೇ 2 ನ್ಯಾನೋಮೀಟರ್. ಅಂದರೆ ಡಿಎನ್‌ಎಗೆ ಅಂಟಿಕೊಂಡಂತೆ ಇರುವ ನೀರಿನಲ್ಲಿ ಹುಟ್ಟಿದ ರ‍್ಯಾಡಿಕಲ್‌ಗಳು ಮಾತ್ರ ಅದನ್ನು ತಲುಪುತ್ತವೆ. ಇದು ಪರೋಕ್ಷ ಹಾನಿ.

ಎಕ್ಸ್-ಕಿರಣ ಮಾಡುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಪರೋಕ್ಷ ದಾರಿಯದು. ಇದನ್ನು ಕಂಡುಕೊಂಡ ರೀತಿ ನನಗೆ ಬಹಳ ಇಷ್ಟ. ಡಿಎಂಎಸ್‌ಒ ಅನ್ನುವ ದ್ರಾವಕ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ದಾರಿಯಲ್ಲೇ ಹಿಡಿದು ನುಂಗುತ್ತದೆ. ಜೀವಕೋಶಗಳಿರುವ ಬಟ್ಟಲಿಗೆ ಅದನ್ನು ಜಾಸ್ತಿ ಮಾಡುತ್ತಾ ಹೋಗಿ ಕಿರಣ ಕೊಟ್ಟರೆ ಹಾನಿ ಇಳಿಯುತ್ತಾ ಬರುತ್ತದೆ. ಆದರೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಮತ್ತೆಷ್ಟು ಸುರಿದರೂ ಇಳಿಯುವುದಿಲ್ಲ. ಹಾಗೆ ಉಳಿದ ಮೂರನೇ ಒಂದು ಪಾಲು ನೇರ ಪೆಟ್ಟಿನದು.

ಆಮ್ಲಜನಕದ ಪಾತ್ರ ಶುರುವಾಗುವುದು ಈಗ. ರ‍್ಯಾಡಿಕಲ್ ಬಂದು ಹೈಡ್ರೋಜನ್ ಕಿತ್ತುಕೊಂಡರೆ ಡಿಎನ್‌ಎಯ ಆ ಜಾಗದಲ್ಲಿ ಈಗ ಒಂಟಿ ಎಲೆಕ್ಟ್ರಾನ್ ಉಳಿಯಿತು. ಡಿಎನ್‌ಎಯೇ ರ‍್ಯಾಡಿಕಲ್ ಆಯಿತು. ಇನ್ನೂ ಅದು ಪೂರ್ತಿ ಕೆಟ್ಟಿಲ್ಲ. ಜೀವಕೋಶದಲ್ಲಿ ಗ್ಲುಟಾಥಯೋನ್ ಅನ್ನುವ ಗಂಧಕ ಇರುವ ಅಣು ಧಾರಾಳವಾಗಿ ಇರುತ್ತದೆ. ಅದು ತನ್ನ ಹೈಡ್ರೋಜನ್ ಒಂದನ್ನು ಕೊಟ್ಟರೆ ಸಾಕು, ಡಿಎನ್‌ಎ ಮೊದಲಿನಂತೆ ಆಗುತ್ತದೆ. ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಆದರೆ ಅಷ್ಟರೊಳಗೆ ಆಮ್ಲಜನಕ ಬಂದು ಅದೇ ಜಾಗಕ್ಕೆ ಕೂತರೆ ಕತೆ ಬೇರೆ. ಅಲ್ಲಿ ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಅದನ್ನು ಬರೀ ಒಂದು ಹೈಡ್ರೋಜನ್ ಕೊಟ್ಟು ಸರಿಮಾಡಲು ಆಗುವುದಿಲ್ಲ. ಹಾನಿ ಖಾಯಂ ಆಗುತ್ತದೆ.

ಇದು ಗ್ಲುಟಾಥಯೋನ್‌ಗೂ ಆಮ್ಲಜನಕಕ್ಕೂ ನಡೆಯುವ ಓಟ. ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಕಿರಣ ಬೀಳುವಾಗ ಆಮ್ಲಜನಕ ಅಲ್ಲೇ ಇರಬೇಕು, ಇಲ್ಲವೇ ಬಿದ್ದ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕು. ಒಂದು ನಿಮಿಷ ಬಿಟ್ಟು ಕೊಟ್ಟರೆ ಪ್ರಯೋಜನವಿಲ್ಲ.

ಇಲ್ಲಿ ಓದಿದವರೂ ಒಂದು ತಪ್ಪು ಮಾಡುತ್ತಾರೆ. ಆಮ್ಲಜನಕ ಇದ್ದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಜಾಸ್ತಿ ಹುಟ್ಟುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಹುಟ್ಟುವುದು ಹೆಚ್ಚು ಕಡಿಮೆ ಅಷ್ಟೇ. ಆದ ಗಾಯ ಮಾಯದಂತೆ ಮಾಡುವುದು ಆಮ್ಲಜನಕದ ಕೆಲಸ.

ಇದರ ಬಲ ಎಷ್ಟು? ಆಮ್ಲಜನಕವೇ ಇಲ್ಲದ ಜೀವಕೋಶಗಳನ್ನು ಅಷ್ಟೇ ಪ್ರಮಾಣದಲ್ಲಿ ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ಸಮಾಧಾನದ ಸಂಗತಿ ಏನೆಂದರೆ, ಇದಕ್ಕೆ ತುಂಬಾ ಆಮ್ಲಜನಕ ಬೇಕಾಗಿಲ್ಲ. ಆಮ್ಲಜನಕದ ಒತ್ತಡ 3 ಮಿಲಿಮೀಟರ್ ಪಾದರಸದಷ್ಟಿದ್ದರೆ ಅರ್ಧ ಪರಿಣಾಮ ಸಿಗುತ್ತದೆ. 20-30ಕ್ಕೆ ಬರುವಷ್ಟರಲ್ಲಿ ಹೆಚ್ಚು ಕಡಿಮೆ ಪೂರ್ತಿ ಸಿಕ್ಕಿರುತ್ತದೆ. ನಮ್ಮ ಆರೋಗ್ಯವಂತ ಅಂಗಗಳಲ್ಲಿ ಸಾಮಾನ್ಯವಾಗಿ ಅಷ್ಟು ಇದ್ದೇ ಇರುತ್ತದೆ. ಕೊರತೆ ಇರುವುದು ಗೆಡ್ಡೆಯಲ್ಲಿ.

ಗೆಡ್ಡೆಯಲ್ಲಿ ಯಾಕೆ ಕೊರತೆ? 1955ರಲ್ಲಿ ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ ಇದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನಾವು ಡೋಸನ್ನು ಗ್ರೇ ಲೆಕ್ಕದಲ್ಲಿ ಹೇಳುತ್ತೇವಲ್ಲ, ಅದೇ ಗ್ರೇ ಅವರು. ಶ್ವಾಸಕೋಶದ ಕ್ಯಾನ್ಸರಿನ ತೆಳುವಾದ ಸೀಳುಗಳನ್ನು ನೋಡಿದಾಗ ಗೆಡ್ಡೆಯ ಜೀವಕೋಶಗಳು ಹಗ್ಗದ ಹಾಗೆ ಬೆಳೆದಿದ್ದವು. ರಕ್ತನಾಳ ಇದ್ದದ್ದು ಹಗ್ಗದ ಹೊರಗೆ. ಹಗ್ಗ ಸಣ್ಣದಿದ್ದಾಗ ಒಳಗೆಲ್ಲ ಜೀವ ಇತ್ತು. ದಪ್ಪ ಆದಾಗ ನಟ್ಟನಡುವೆ ಸತ್ತ ಭಾಗ ಕಂಡಿತು. ಹಗ್ಗ ಎಷ್ಟೇ ದಪ್ಪವಾದರೂ ಹೊರಗಿನ ಜೀವಂತ ಪದರದ ದಪ್ಪ ಮಾತ್ರ ಹೆಚ್ಚು ಬದಲಾಗಲಿಲ್ಲ. ಅದು ಆಮ್ಲಜನಕ ರಕ್ತದಿಂದ ಸೋರಿ ತಲುಪಬಲ್ಲ ದೂರಕ್ಕೆ ಹತ್ತಿರವಾಗಿತ್ತು. ಸುಮಾರು 150 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಆರನೇ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ. ದಾರಿಯಲ್ಲಿರುವ ಜೀವಕೋಶಗಳು ಅಷ್ಟರಲ್ಲಿ ಎಲ್ಲವನ್ನೂ ಬಳಸಿಬಿಡುತ್ತವೆ.

ಜೀವಂತ ಪದರಕ್ಕೂ ಸತ್ತ ಭಾಗಕ್ಕೂ ನಡುವೆ ಒಂದು ಅಂಚು ಇರುತ್ತದೆ ಅಲ್ವಾ, ನಮಗೆ ಚಿಂತೆ ಅದರದು. ಅಲ್ಲಿನ ಜೀವಕೋಶಗಳು ಅರೆ ಉಸಿರಿನಲ್ಲಿ ಬದುಕಿರುತ್ತವೆ. ಸತ್ತಿರುವುದಿಲ್ಲ. ಆಮ್ಲಜನಕ ಇಲ್ಲದ್ದರಿಂದ ಕಿರಣಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಇವು ಎಷ್ಟು ತೊಂದರೆ ಕೊಡಬಲ್ಲವು? ಒಂದು ಸರಳ ಲೆಕ್ಕ ಹಾಕೋಣ. ಗೆಡ್ಡೆಯಲ್ಲಿ 100 ಕೋಟಿ ಜೀವಕೋಶ ಇವೆ ಅಂದುಕೊಳ್ಳಿ. ದಿನಕ್ಕೆ 2 ಗ್ರೇ, ಹೀಗೆ 30 ಸಲ. ಉಸಿರಾಡುವ ಜೀವಕೋಶಗಳಲ್ಲಿ ಪ್ರತಿ ಸಲ ಅರ್ಧ ಸಾಯುತ್ತವೆ ಅನ್ನಿ. 30 ಸಲ ಅರ್ಧ ಮಾಡುತ್ತಾ ಹೋದರೆ 100 ಕೋಟಿಯಲ್ಲಿ ಉಳಿಯುವುದು ಒಂದೇ ಒಂದು. ಈಗ ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 10 ಕೋಟಿ, ಆಮ್ಲಜನಕ ಇಲ್ಲದವು ಅನ್ನಿ. ಅವಕ್ಕೆ ಮೂರು ಪಟ್ಟು ಡೋಸ್ ಬೇಕು. ಹಾಗಾಗಿ 30 ಸಲದ ಡೋಸ್ ಅವಕ್ಕೆ 10 ಸಲದಷ್ಟೇ ಆಯಿತು. ಹತ್ತು ಸಲ ಅರ್ಧ ಮಾಡಿದರೆ ಸಾವಿರಕ್ಕೆ ಒಂದು ಉಳಿಯುತ್ತದೆ. ಕೊನೆಗೆ ಉಳಿದವು ಸುಮಾರು ಒಂದು ಲಕ್ಷ. ಗೆಡ್ಡೆ ಮತ್ತೆ ಬೆಳೆಯಲು ಬೇಕಾದಷ್ಟಾಯಿತು.

ವಾಸ್ತವದಲ್ಲಿ ಸಾಮಾನ್ಯವಾಗಿ ಇಷ್ಟು ಕೆಡುವುದಿಲ್ಲ, ಅದಕ್ಕೆ ಕಾರಣ ದಿನಕ್ಕಿಷ್ಟು ಅಂತ ಕೊಡುವುದು. ಮೊದಲ ದಿನಗಳಲ್ಲಿ ರಕ್ತನಾಳದ ಪಕ್ಕದ ಜೀವಕೋಶಗಳು ಸಾಯುತ್ತವೆ. ಅವು ಬಳಸುತ್ತಿದ್ದ ಆಮ್ಲಜನಕ ಉಳಿಯುತ್ತದೆ, ಇನ್ನೂ ಒಳಗೆ ಸೋರುತ್ತದೆ. ಗೆಡ್ಡೆ ಕುಗ್ಗಿದಂತೆ ಹಿಂದಿನ ಸಾಲಿನವು ನಾಳಕ್ಕೆ ಹತ್ತಿರವಾಗುತ್ತವೆ. ನಿನ್ನೆ ಉಸಿರಿಲ್ಲದ ಜೀವಕೋಶಕ್ಕೆ ಇವತ್ತು ಉಸಿರು ಬರುತ್ತದೆ. ಇವತ್ತಿನ ಕಿರಣ ಅದಕ್ಕೆ ತಾಗುತ್ತದೆ. ಐದು ವಾರ ಯಾಕೆ ಎಳೀತೀರಿ ಅಂತ ಕೇಳುವವರಿಗೂ ಉತ್ತರದ ಒಂದು ಭಾಗ ಇಲ್ಲಿದೆ.

ಈಗ ಎಚ್‌ಬಿಗೆ ಬರೋಣ. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಒಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಹೊರುತ್ತದೆ. ಎಚ್‌ಬಿ 12 ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಹಿಮೋಗ್ಲೋಬಿನ್, ಅದು ಹೊರುವುದು 16 ಮಿಲಿಲೀಟರ್ ಆಮ್ಲಜನಕ. 7 ಇದ್ದರೆ 9 ಚಿಲ್ಲರೆ. ನಾಳದಲ್ಲೇ ಇಷ್ಟು ಕಮ್ಮಿಯಾದರೆ ಆ ಅಂಚಿಗೆ ತಲುಪುವುದು ಇನ್ನೂ ಕಮ್ಮಿ. ಅದಕ್ಕೇ ಎಷ್ಟೋ ಕಡೆ, ಮುಖ್ಯವಾಗಿ ಗರ್ಭಕಂಠದ ಕ್ಯಾನ್ಸರಿನಲ್ಲಿ, ಚಿಕಿತ್ಸೆ ನಡೆಯುವಷ್ಟು ದಿನವೂ ಎಚ್‌ಬಿ 10ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳುತ್ತಾರೆ.

ಆದರೆ ರಕ್ತ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಗೆಡ್ಡೆಯ ನಾಳಗಳೇ ಅಡ್ಡಾದಿಡ್ಡಿ. ಎಚ್‌ಬಿ 13 ಇದ್ದವರ ಗೆಡ್ಡೆಯಲ್ಲೂ ಉಸಿರಿಲ್ಲದ ಮೂಲೆಗಳು ಇರಬಹುದು. 1990ರ ದಶಕದಲ್ಲಿ ಜರ್ಮನಿಯ ಮೈಂಜ್ ನಗರದ ವೈದ್ಯರು ಗರ್ಭಕಂಠದ ಗೆಡ್ಡೆಯೊಳಗೇ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ ಆಮ್ಲಜನಕ ಅಳೆದರು. ಒತ್ತಡ 10 ಮಿಲಿಮೀಟರಿಗಿಂತ ಕಡಿಮೆ ಇದ್ದವರಲ್ಲಿ ಕಾಯಿಲೆ ಹೆಚ್ಚು ಮರಳಿತು. ಗೆಡ್ಡೆಯೊಳಗಿನ ಸ್ಥಿತಿ ತಿಳಿಯಲು ಅಂಥ ಅಳತೆಯೇ ಬೇಕು, ಬೆರಳಿನ ರಕ್ತ ಅದರ ದೂರದ ಗುರುತು ಮಾತ್ರ. ಡೆನ್ಮಾರ್ಕಿನಲ್ಲಿ ತಲೆ-ಕತ್ತಿನ ಕ್ಯಾನ್ಸರ್ ಇರುವವರಿಗೆ ರಕ್ತ ಹಾಕಿ ನೋಡಿದಾಗ ಗುಣವಾಗುವವರ ಸಂಖ್ಯೆ ಏರಲಿಲ್ಲ. ರಕ್ತ ಬೆಳೆಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದು ಕೊಟ್ಟ ಯುರೋಪಿನ ಒಂದು ಪರೀಕ್ಷೆಯಲ್ಲಂತೂ ಫಲಿತಾಂಶ ಇನ್ನೂ ಕೆಟ್ಟಿತು. ಅದು 2003ರಲ್ಲಿ ಪ್ರಕಟವಾಯಿತು. ಆದ್ದರಿಂದ ಆ ಚುಚ್ಚುಮದ್ದು ಬರೆದುಕೊಡಿ ಅಂತ ಯಾರೂ ಒತ್ತಾಯ ಮಾಡಬೇಡಿ.

ದುಡ್ಡಿಲ್ಲದೆ ಆಗುವ ಒಂದು ಕೆಲಸ ಇದೆ. ಬೀಡಿ, ಸಿಗರೇಟು ಬಿಡುವುದು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರಿಪೋರ್ಟಿನಲ್ಲಿ ಎಚ್‌ಬಿ 12 ಅಂತಲೇ ಬರುತ್ತದೆ, ಆದರೆ ಅದರಲ್ಲಿ ಒಂದು ಪಾಲು ಕೆಲಸಕ್ಕೆ ಇಲ್ಲ. ಮೆಷಿನ್ ಮೇಲೆ ಮಲಗುವ ಅರ್ಧ ಗಂಟೆ ಮೊದಲು ಹೊರಗೆ ಹೋಗಿ ಒಂದು ಬೀಡಿ ಸೇದಿ ಬರುವ ಗಂಟಲು ಕ್ಯಾನ್ಸರಿನ ಹಿರಿಯರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಆ ದಿನದ 2 ಗ್ರೇ ಪೂರ್ತಿ ಬಲದಲ್ಲಿ ಕೆಲಸ ಮಾಡಬೇಕಾದ ಹೊತ್ತು ಅದೇ.

ಇನ್ನು ಬೆಂಚಿನಲ್ಲಿ ಕೂತಿರುವ ಅಮ್ಮಂದಿರ ವಿಷಯ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಮನೆಯಲ್ಲಿ ಹೇಳದೆ ಕೆಲಸ ಮಾಡಿಕೊಂಡು ಇದ್ದು, ಎಚ್‌ಬಿ 7ಕ್ಕೆ ಇಳಿದ ಮೇಲೆ ಬರುತ್ತಾರೆ. ಒಂದು ಬಾಟಲಿ ರಕ್ತಕ್ಕೆ ಎಚ್‌ಬಿ ಸುಮಾರು ಒಂದು ಏರುತ್ತದೆ. ಮೂರು ಬಾಟಲಿ ಹಾಕಿದರೆ 10ಕ್ಕೆ ಬರುತ್ತದೆ. ಆಮೇಲೆ ಚಿಕಿತ್ಸೆ ಶುರುವಾಗುತ್ತದೆ. ಎಷ್ಟೋ ಜನರಿಗೆ ಮೊದಲ ಒಂದೆರಡು ವಾರದಲ್ಲೇ ರಕ್ತ ಹೋಗುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರತಿ ವಾರದ ರಕ್ತ ಪರೀಕ್ಷೆಯಲ್ಲಿ ಆ ಸಂಖ್ಯೆ ಬೀಳದೆ ನಿಂತಿದ್ದರೆ, ಮಗ ಕಾರ್ಡ್ ತಂದು ತೋರಿಸಿ, "ಸಾರ್, ಈ ವಾರವೂ ಹತ್ತೇ ಇದೆ" ಅನ್ನುತ್ತಾನೆ.