ಬರಲಾ, ಬರಲ್ಲ: ಧ್ವನಿ ಟೈಪಿಂಗ್ ತಪ್ಪುಗಳ ಲಾಗ್, ಮೂರನೇ ಸುತ್ತು

ಕನ್ನಡದಲ್ಲಿ ಹೇಳಿದ ಸಂದೇಶವನ್ನು ಫೋನ್ ಬರೆದು, ಅದು ಯಂತ್ರಾನುವಾದದಲ್ಲಿ ಇಂಗ್ಲಿಷಿಗೆ ಹೋಗುವಾಗ ಅರ್ಥ ಎಲ್ಲಿ ಕೆಡುತ್ತದೆ ಎಂದು ಇಲ್ಲಿ ದಾಖಲಿಸುತ್ತಿದ್ದೇವೆ. ಹಿಂದಿನ ಎರಡು ಸುತ್ತುಗಳಲ್ಲಿ ಹೆಸರು, ಊರು, ಇಂಗ್ಲಿಷ್ ಪದಗಳ ಕಾಗುಣಿತ ನೋಡಿದ್ದಾಯಿತು. ಆ ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ, ಹಾಗಾಗಿ ದೊಡ್ಡ ಅಪಾಯ ಇಲ್ಲ. ಈ ಸುತ್ತು ಪೂರ್ತಿ ಕ್ರಿಯಾಪದದ ಬಾಲಕ್ಕೆ ಮೀಸಲು. ಅಲ್ಲಿ ಆಗುವ ತಪ್ಪು ಸರಿಯಾದ ಕನ್ನಡದಂತೆಯೇ ಕಾಣುತ್ತದೆ, ಅನುವಾದವಾದ ಮೇಲಂತೂ ಹಿಡಿಯಲು ಸುಳಿವೇ ಸಿಗುವುದಿಲ್ಲ.

ಪರೀಕ್ಷೆ ಮಾಡುವ ರೀತಿ

ಹೇಳಬೇಕಾದ ಸಂದೇಶವನ್ನು ಮೊದಲು ಕೈಯಲ್ಲೇ ಟೈಪ್ ಮಾಡಿಕೊಳ್ಳಬೇಕು. ಆಮೇಲೆ ಅದನ್ನೇ ಮೂರು ಸಲ ಹೇಳುವುದು: ಮಾಮೂಲಿ ವೇಗದಲ್ಲಿ ಒಮ್ಮೆ, ಅವಸರದಲ್ಲಿ ಒಮ್ಮೆ, ಕೊನೆಯ ಸ್ವರವನ್ನು ಬೇಕೆಂದೇ ಎಳೆದು ಒಮ್ಮೆ. ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ಉದ್ದೇಶಿಸಿದ ಕನ್ನಡ, ಅದರ ಅನುವಾದ, ಫೋನ್ ಬರೆದ ಕನ್ನಡ, ಅದರ ಅನುವಾದ. ಎರಡನೇ ಕಾಲಂ ಬಿಟ್ಟರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ಸರಿಯಾಗಿ ಟೈಪ್ ಮಾಡಿದ ಆಡುಮಾತನ್ನೂ ಅನುವಾದಕ ತಪ್ಪಾಗಿ ಓದಬಹುದು. ಆ ತಪ್ಪನ್ನು ಧ್ವನಿ ಟೈಪಿಂಗಿನ ತಲೆಗೆ ಕಟ್ಟಬಾರದಲ್ಲ.

ಒಂದು ಸಂದೇಶ, ಬಿಡಿಸಿ ನೋಡಿದರೆ

ಉದ್ದೇಶಿಸಿದ್ದು: ‘ನಾಳೆ ಆರು ಗಂಟೆಗೆ ಬರಲಾ? ಕೀ ನಿಮ್ಮ ಹತ್ರ ಇದೆಯಾ?’
ಬರೆದು ಬಂದದ್ದು: ‘ನಾಳೆ ಆರು ಗಂಟೆಗೆ ಬರಲ್ಲ ಕೀ ನಿಮ್ಮ ಹತ್ರ ಇದೆಯಾ’

ಕೇಳುವ ಕಿವಿಗೆ ಇವೆರಡರ ನಡುವೆ ಇರುವುದು ಕೂದಲೆಳೆಯ ಅಂತರ. ‘ಬರಲಾ’ದಲ್ಲಿ ಲಕಾರ ಒಂಟಿ, ಸ್ವರ ದೀರ್ಘ. ‘ಬರಲ್ಲ’ದಲ್ಲಿ ಲಕಾರ ಒತ್ತು, ಸ್ವರ ಹ್ರಸ್ವ. ಅವಸರದಲ್ಲಿ ಹೇಳಿದಾಗ ಕೊನೆಯ ದೀರ್ಘ ಮೊಟಕಾಗುತ್ತದೆ. ರಾಗ ಎಳೆದು ‘ಬರಲ್ಲಾ’ ಅಂದಾಗ ನಿಷೇಧದ ಹ್ರಸ್ವ ಉದ್ದವಾಗುತ್ತದೆ. ಎರಡೂ ಹತ್ತಿರ ಹತ್ತಿರ ಬಂದು ನಿಂತಾಗ ಯಾವುದನ್ನು ಬರೆಯಬೇಕು ಎಂಬುದನ್ನು ಧ್ವನಿಗಿಂತ ಹೆಚ್ಚಾಗಿ ಅಕ್ಕಪಕ್ಕದ ಪದಗಳೇ ತೀರ್ಮಾನಿಸುತ್ತವೆ. ಇಲ್ಲಿ ಅಕ್ಕಪಕ್ಕದಲ್ಲಿರುವುದು ನಾಳೆ, ಆರು, ಗಂಟೆ. ಮೂರೂ ಎರಡು ಅರ್ಥಕ್ಕೂ ಒಗ್ಗುವ ಪದಗಳು.

ಅನುವಾದದಲ್ಲಿ ಕಳೆದುಹೋಗುವುದು ಪ್ರಶ್ನೆ ಒಂದೇ ಅಲ್ಲ. ‘ಬರಲಾ’ ಅಂದರೆ ಬರುವವರು ‘ನಾನು’ ಎಂದು ಸಾಮಾನ್ಯವಾಗಿ ಆ ರೂಪದಿಂದಲೇ ಗೊತ್ತಾಗುತ್ತದೆ. ‘ಬರಲ್ಲ’ಕ್ಕೆ ಆ ಗುಣವಿಲ್ಲ. ನಾನು ಬರಲ್ಲ, ನೀವು ಬರಲ್ಲ, ಅವಳು ಬರಲ್ಲ, ಬಸ್ಸು ಬರಲ್ಲ, ಎಲ್ಲಕ್ಕೂ ಒಂದೇ ರೂಪ. ಇಂಗ್ಲಿಷಿಗೆ ಹೋಗುವಾಗ ಕರ್ತೃವನ್ನು ಬರೆಯದೆ ವಿಧಿಯಿಲ್ಲ, ಆದ್ದರಿಂದ ಅನುವಾದಕ ಯಾರನ್ನಾದರೂ ತಂದು ಕೂರಿಸಲೇಬೇಕು. ‘ನಾನು ಬರುವುದಿಲ್ಲ’ ಆಗಬಹುದು, ‘ಅವನು ಬರುವುದಿಲ್ಲ’ ಆಗಬಹುದು. ವಿರಾಮಚಿಹ್ನೆಯೂ ಇಲ್ಲದಿರುವುದರಿಂದ ಪಕ್ಕದ ‘ಕೀ’ಯೇ ಕರ್ತೃವಿನ ಜಾಗಕ್ಕೆ ಬಂದರೂ ಆಶ್ಚರ್ಯವಿಲ್ಲ. ಒಂದು ಒತ್ತಕ್ಷರದಿಂದ ಪ್ರಶ್ನೆ ನಿಷೇಧವಾಯಿತು, ‘ನಾನು’ ಮಾಯವಾಯಿತು. ಫಲಿತಾಂಶ ಮಾತ್ರ ತಪ್ಪಿಲ್ಲದ ಇಂಗ್ಲಿಷ್ ವಾಕ್ಯ.

ಇದೇ ಸಂದೇಶ ಕನ್ನಡದವರಿಗೆ ಹೋಗಿದ್ದರೆ ‘ಬರಲ್ಲ ಅಂದಮೇಲೆ ಕೀ ಯಾಕೆ ಕೇಳ್ತಿದ್ದಾರೆ’ ಅಂತ ಒಂದು ಕ್ಷಣ ತಡೆದು, ಬಾಯಲ್ಲಿ ಹೇಳಿಕೊಂಡು, ‘ಓ, ಬರಲಾ’ ಅಂತ ಸರಿಮಾಡಿಕೊಳ್ಳುತ್ತಾರೆ. ಅನುವಾದ ಓದುವವರ ಮುಂದೆ ಆ ಎರಡು ಪದಗಳ ಸದ್ದಿನ ಹೋಲಿಕೆಯೇ ಇರುವುದಿಲ್ಲ.

‘ಬರ್ತೀರ’ ಮತ್ತು ‘ಬರ್ತೀರಾ’

ಇದು ಇನ್ನೂ ಸಣ್ಣದು, ಒಂದೇ ಒಂದು ದೀರ್ಘದ ವಿಷಯ. ‘ನೀವೂ ಬರ್ತೀರ’ ಹೇಳಿಕೆ, ‘ನೀವೂ ಬರ್ತೀರಾ’ ಪ್ರಶ್ನೆ. ಮಾತಿನಲ್ಲಿ ಪ್ರಶ್ನೆಯ ಭಾರವನ್ನು ಅರ್ಧ ಹೊರುವುದು ಏರುದನಿ, ಅದು ಅಕ್ಷರಕ್ಕೆ ಇಳಿಯುವುದಿಲ್ಲ. ದೀರ್ಘವೂ ಬಿದ್ದುಹೋದರೆ ‘ದುಡ್ಡು ಕಳಿಸಿದ್ದೀರಾ’ ಎಂದು ವಿಚಾರಿಸಿದ್ದು ‘ದುಡ್ಡು ಕಳಿಸಿದ್ದೀರ’ ಎಂಬ ಒಪ್ಪಿಗೆಯಾಗಿ ತಲುಪುತ್ತದೆ. ಧಾರವಾಡದ ಕಡೆ ‘ಬರ್ತೀರೇನ್ರಿ’, ‘ಬರಂಗಿಲ್ಲ’ ಅನ್ನುವವರಿಗೆ ಈ ಎರಡೂ ತೊಡಕು ಕಡಿಮೆ. ಪ್ರಶ್ನೆಗೂ ನಿಷೇಧಕ್ಕೂ ಅಲ್ಲಿ ಬೇರೆಬೇರೆ ಉಚ್ಚಾರಾಂಶಗಳೇ ಇವೆ. ಆ ಮಾತನ್ನು ಫೋನ್ ಸರಿಯಾಗಿ ಬರೆಯುತ್ತದೆಯೇ ಎಂಬುದು ಬೇರೆ ಜಗಳ.

ಅಂಕ ಹಾಕುವುದರಲ್ಲಿ ಬದಲಾವಣೆ

ಧ್ವನಿ ಗುರುತಿಸುವಿಕೆಯನ್ನು ಅಳೆಯುವ ವಾಡಿಕೆಯ ರೀತಿ, ನೂರಕ್ಕೆ ಎಷ್ಟು ಪದ ತಪ್ಪಿತು ಅಂತ ಎಣಿಸುವುದು. ಈ ಕೆಲಸಕ್ಕೆ ಅದು ಒದಗುವುದಿಲ್ಲ. ‘ನಾಳೆ ಆರು ಗಂಟೆಗೆ ಬರಲಾ’ ನಾಲ್ಕು ಪದ. ‘ಗಂಟೆಗೆ’ ಬದಲು ‘ಘಂಟೆಗೆ’ ಬಂದರೆ 25% ತಪ್ಪು, ‘ಬರಲಾ’ ಬದಲು ‘ಬರಲ್ಲ’ ಬಂದರೂ 25% ತಪ್ಪು. ಮೊದಲನೆಯದರಿಂದ ಅರ್ಥಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ಈಗ ಪ್ರತಿ ಸಾಲಿಗೂ ಮೂರರಲ್ಲಿ ಒಂದು ಗುರುತು: ಅರ್ಥ ಉಳಿದರೆ 0, ಓದುವವರಿಗೆ ಅನುಮಾನ ಹುಟ್ಟಿಸುವಷ್ಟು ಕೆಟ್ಟರೆ 1, ಅನುಮಾನವೇ ಬಾರದಂತೆ ಅರ್ಥ ತಿರುಗಿದರೆ 2. ನಮಗೆ ಮುಖ್ಯವಾದವು 2ರ ಸಾಲುಗಳು. 1 ಬಂದವನ್ನು ‘ಏನು ಹೇಳಿದ್ರಿ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಅನುಮಾನದ ಸಾಲುಗಳನ್ನು ಹೆಕ್ಕುವುದು

ಸಂದೇಶಗಳನ್ನು ಸಾಲಿಗೊಂದರಂತೆ ಕಡತದಲ್ಲಿಟ್ಟು ಅಪಾಯದ ಬಾಲಗಳನ್ನು ಹುಡುಕಿದರೆ ಕಣ್ಣಾಡಿಸುವ ಕೆಲಸ ಬಹಳ ಇಳಿಯುತ್ತದೆ:

```
uconv -x any-nfc sandesha.txt |
grep -nE '(ಲಾ|ಲ್ಲ|ೀರ|ೀರಾ|ೀಯ|ೀಯಾ)([ ?.]|$)'
```

ಮೊದಲ ಸಾಲು ಬಿಡಬಾರದು. ಯುನಿಕೋಡಿನಲ್ಲಿ ‘ೀ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ (`U+0CC0`), ಎರಡನ್ನು ಜೋಡಿಸಿಯೂ (`U+0CBF U+0CD5`) ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆಬೇರೆ. ಏಕರೂಪ ಮಾಡಿಕೊಳ್ಳದಿದ್ದರೆ ‘ಬರ್ತೀರ’ ಇರುವ ಸಾಲು ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಎಲ್ಲಾ, ಇಲ್ಲ, ಬೆಲ್ಲ ಇರುವ ಸಾಲುಗಳೂ ಬಲೆಗೆ ಬೀಳುತ್ತವೆ, ಅವನ್ನು ಕೈಯಿಂದಲೇ ತೆಗೆಯಬೇಕು.

ಹೇಳುವಾಗಲೇ ತಪ್ಪಿಸುವುದು

ಸ್ವರ ಎಳೆದು ಹೇಳುವ ಉಪಾಯವನ್ನು ಕೈಬಿಟ್ಟಿದ್ದೇವೆ. ‘ಬರಲಾ’ವನ್ನು ಎಳೆದಷ್ಟೂ ಲಕಾರದ ಮೇಲೂ ಒತ್ತು ಬೀಳುತ್ತದೆ, ಆಗ ಅದು ‘ಬರಲ್ಲಾ’ದ ಹತ್ತಿರವೇ ಹೋಗುತ್ತದೆ. ಇದಕ್ಕಿಂತ ರೂಪವನ್ನೇ ಬದಲಿಸುವುದು ಗಟ್ಟಿ. ಪ್ರಶ್ನೆಗೆ ‘ಬರಲೇ’ ಅಥವಾ ‘ಬರಬಹುದಾ’, ನಿಷೇಧಕ್ಕೆ ‘ಬರೋದಿಲ್ಲ’ ಅಂದರೆ ಎರಡರ ನಡುವೆ ಪೂರ್ತಿ ಉಚ್ಚಾರಾಂಶಗಳ ಅಂತರ ಬರುತ್ತದೆ. ‘ಬರ್ತೀರಾ’ ಬದಲಿಗೆ ‘ಬರ್ತೀರೋ ಇಲ್ವೋ’ ಅಂದರೆ ಒಂದು ದೀರ್ಘ ಬಿದ್ದರೂ ಪ್ರಶ್ನೆ ಬೀಳುವುದಿಲ್ಲ. ಸ್ವಲ್ಪ ಒರಟಾಗಿ ಕೇಳಿಸುತ್ತದೆ ನಿಜ, ಹಿರಿಯರಿಗೆ ಕಳಿಸುವಾಗ ‘ಬರೋದಕ್ಕೆ ಆಗುತ್ತಾ’ ಒಳ್ಳೆಯದು.

‘ನಾನು’ ಸೇರಿಸಿ ಹೇಳುವುದರಿಂದ ಅರ್ಧ ಲಾಭ. ‘ನಾನು ನಾಳೆ ಬರಲ್ಲ’ ಎಂದು ತಪ್ಪಿ ಬಂದರೂ ಕರ್ತೃವಾದರೂ ಸರಿಯಿರುತ್ತದೆ, ನಿಷೇಧ ಹಾಗೇ ಉಳಿಯುತ್ತದೆ. ‘ಮನೇಲಿ ಇದ್ದೆ’ ಎಂಬುದು ‘ಮನೇಲಿ ಇದೆ’ ಆಗುವ ಜೋಡಿಯಲ್ಲಿ ಲಾಭ ಹೆಚ್ಚು. ‘ನಾನು ಮನೇಲಿ ಇದೆ’ ವ್ಯಾಕರಣಕ್ಕೆ ಹೊಂದುವುದಿಲ್ಲ, ಕಳಿಸುವ ಮುಂಚೆಯೇ ಕಣ್ಣಿಗೆ ಕುಕ್ಕುತ್ತದೆ. ನೋಡದೆ ಕಳಿಸಿದರೆ ಅನುವಾದದಲ್ಲಿ ‘ನಾನು’ ಉಳಿದು ಕಾಲ ಮಾತ್ರ ತಪ್ಪಬಹುದು: ನಿನ್ನೆ ಮನೆಯಲ್ಲಿದ್ದವರು ಈಗಲೂ ಇದ್ದಾರೆ ಎಂದಾಗುತ್ತದೆ.

ಮುಂದಿನ ಸುತ್ತಿಗೆ ‘ಅಂತೆ’. ‘ಅವರು ಒಪ್ಪಿದ್ದಾರಂತೆ’ ಅಂದದ್ದರಲ್ಲಿ ಬಾಲ ಕತ್ತರಿಸಿಹೋಗಿ ‘ಒಪ್ಪಿದ್ದಾರೆ’ ಉಳಿದರೆ ಕೇಳಿದ ಸುದ್ದಿ ಖಚಿತ ಸಂಗತಿಯಾಗುತ್ತದೆ. ಗುರುತು ಹಾಕುವ ಲೆಕ್ಕದಲ್ಲಿ ಇದೂ 2.